ಕೊಟೇಶನ್‌ಗಿಂತ ಸುಮಾರು ಮೂರು ಲಕ್ಷ ಜಾಸ್ತಿ ಬಿಲ್: ಎಷ್ಟು ಕೊಡಬೇಕು, ಎಲ್ಲಿ ದೂರು ಕೊಡಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು 25 ವರ್ಷದ ಹಳೇ ಮನೆ. ಎರಡು ಬಾತ್‌ರೂಮ್, ಅಡುಗೆಮನೆ, ಹಾಲ್‌ನ ನೆಲ, ಪೇಂಟಿಂಗ್ ಎಲ್ಲಾ ಸೇರಿ 6,80,000 ರೂಪಾಯಿ ಅಂತ ಕಂಟ್ರಾಕ್ಟರ್ ಕೊಟೇಶನ್ ಬರೆದುಕೊಟ್ಟಿದ್ದರು. ಈಗ 9,71,848ಕ್ಕೆ ಬಿಲ್ ಕೊಟ್ಟಿದ್ದಾರೆ. 6,20,000 ಕೊಟ್ಟಿದ್ದೇನೆ. ಒಂದೆರಡು ಕೆಲಸ ನಾವೇ ಹೇಳಿ ಮಾಡಿಸಿದ್ದು ನಿಜ. ಆದರೆ ರೇಟ್ ಮಾತಾಡಿರಲಿಲ್ಲ, ಯಾವುದಕ್ಕೂ ಬರೆದು ಒಪ್ಪಿಗೆ ಕೊಟ್ಟಿಲ್ಲ. ಬಾಕಿ ಪೂರ್ತಿ ಕೊಡೋವರೆಗೂ ಅಡುಗೆಮನೆ ಶಟರ್ ಹಾಕಲ್ಲ ಅಂತಾರೆ. ನಾನು ಕೊಡಲೇಬೇಕಾ? ಕೊಟೇಶನ್, ಬಿಲ್, ವಾಟ್ಸಾಪ್ ಮಾತುಕತೆ ಎಲ್ಲಾ ಕಳಿಸಿದ್ದೇನೆ.

ಉತ್ತರ: ಅವರು ಕೇಳ್ತಿರೋ 3,51,848 ರೂಪಾಯಿ ಬಾಕಿಯನ್ನು ನೀವು ಕೊಡಬೇಕಾಗಿಲ್ಲ. ಹಾಗಂತ ‘ನಾನು ಬರೆದುಕೊಟ್ಟಿಲ್ಲ, ಕೊಟೇಶನ್ ಮೇಲೆ ಒಂದು ಪೈಸೆಯೂ ಕೊಡಲ್ಲ’ ಅನ್ನೋ ವಾದವೂ ಪೂರ್ತಿ ನಿಲ್ಲುವುದಿಲ್ಲ. ನೀವು ಕಳಿಸಿದ ಕಾಗದಗಳನ್ನು ನೋಡಿದರೆ ನ್ಯಾಯವಾದ ಬಾಕಿ ಸುಮಾರು 1,11,000. ಅದರಲ್ಲೂ 72,000 ಶಟರ್ ಹಾಕಿದ ಮೇಲೆ ಕೊಡಬೇಕಾದ ದುಡ್ಡು. ಈ ಲೆಕ್ಕಕ್ಕೆ ಹೇಗೆ ಬಂದೆ ಅಂತ ವಿವರವಾಗಿ ಹೇಳುತ್ತೇನೆ. ನಿಮ್ಮ ದೂರು ಗಟ್ಟಿಯಾಗಬೇಕಾದರೆ ಈ ಲೆಕ್ಕವೇ ಅದರ ಬುನಾದಿ.

ಮೊದಲು ‘ಬರೆದ ಒಪ್ಪಿಗೆ ಇಲ್ಲ’ ಅನ್ನೋ ಮಾತಿಗೆ ಎಷ್ಟು ಬಲ ಇದೆ ನೋಡೋಣ. 1872ರ ಕರಾರು ಕಾಯ್ದೆಯಲ್ಲಿ ಬಾಯಿಮಾತಿನ ಒಪ್ಪಂದಕ್ಕೂ ಬೆಲೆ ಇದೆ. ಬರೆದ ಒಪ್ಪಂದವನ್ನು ಆಮೇಲೆ ಬದಲಿಸಬಹುದು, ಆದರೆ ಇಬ್ಬರೂ ಒಪ್ಪಿರಬೇಕು. ಒಬ್ಬರೇ ಕೂತು ರೇಟ್ ಏರಿಸಿದರೆ ಅದು ಬದಲಾವಣೆ ಆಗುವುದಿಲ್ಲ. ಒಪ್ಪಿಗೆ ಇತ್ತು ಅಂತ ತೋರಿಸಬೇಕಾದವರು ಜಾಸ್ತಿ ದುಡ್ಡು ಕೇಳುವವರು, ನೀವಲ್ಲ. ಇಲ್ಲಿವರೆಗೆ ಎಲ್ಲಾ ನಿಮ್ಮ ಪರವಾಗಿಯೇ ಇದೆ.

ಆದರೆ ಅದೇ ಕಾಯ್ದೆಯಲ್ಲಿ 70ನೇ ಸೆಕ್ಷನ್ ಅಂತ ಒಂದಿದೆ. ಒಬ್ಬರು ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ, ಕಾನೂನಿಗೆ ವಿರುದ್ಧವಲ್ಲದ ಒಂದು ಕೆಲಸ ಮಾಡಿಕೊಟ್ಟು, ಇನ್ನೊಬ್ಬರು ಅದರ ಲಾಭ ಪಡೆದರೆ, ಲಾಭ ಪಡೆದವರು ತಕ್ಕ ಬೆಲೆ ಕೊಡಬೇಕು ಅನ್ನುತ್ತದೆ ಅದು. 1961ರಲ್ಲಿ ಸುಪ್ರೀಂ ಕೋರ್ಟ್ ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮೊಂಡಲ್ ಎಂಬ ಗುತ್ತಿಗೆ ಸಂಸ್ಥೆಯ ಪ್ರಕರಣದಲ್ಲಿ ಇದನ್ನೇ ಹೇಳಿತು. ಅಧಿಕಾರಿಗಳು ಹೇಳಿದರು ಅಂತ ಆ ಸಂಸ್ಥೆ ಕಟ್ಟಡ ಕಟ್ಟಿಕೊಟ್ಟಿತ್ತು. ಸರ್ಕಾರ ಅದನ್ನು ಬಳಸಿಕೊಂಡು, ಆಮೇಲೆ ಸರಿಯಾದ ಕರಾರೇ ಆಗಿಲ್ಲ ಅಂತ ದುಡ್ಡು ನಿರಾಕರಿಸಿತು. ಕೋರ್ಟ್ ಒಪ್ಪಲಿಲ್ಲ. ಅದೇ ತೀರ್ಪಿನಲ್ಲಿ ಇನ್ನೊಂದು ಮುಖ್ಯವಾದ ಮಾತೂ ಇದೆ. ಕೆಲಸವನ್ನು ಬೇಡ ಅನ್ನುವ ಅವಕಾಶ ಎದುರಿನವರಿಗೆ ಇರಬೇಕು, ಇದ್ದೂ ಅವರು ಸ್ವೀಕರಿಸಿರಬೇಕು. ನಿಮಗೆ ಗೊತ್ತೇ ಆಗದ ಹಾಗೆ ಮಾಡಿ ಮುಗಿಸಿದ ಕೆಲಸಕ್ಕೆ ಈ ಸೆಕ್ಷನ್ ಅಷ್ಟು ಸುಲಭವಾಗಿ ಒದಗುವುದಿಲ್ಲ.

ಹಾಗಾಗಿ ಬಿಲ್‌ನ ಪ್ರತಿ ಸಾಲಿಗೂ ಕೇಳಬೇಕಾದ ಪ್ರಶ್ನೆ ಎರಡೇ. ಇದು ನನಗೆ ಗೊತ್ತಿತ್ತಾ, ನಾನು ಬೇಡ ಅನ್ನಬಹುದಿತ್ತಾ? ಗೊತ್ತಿದ್ದರೆ, ಇದರ ತಕ್ಕ ಬೆಲೆ ಎಷ್ಟು?

ನಿಮ್ಮ ಬಿಲ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಸಾಲು ಕೊನೆಯಲ್ಲಿದೆ. 18% ಜಿಎಸ್‌ಟಿ, 1,48,248 ರೂಪಾಯಿ. ಜಾಸ್ತಿ ಆಗಿರುವ ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಇದೊಂದೇ. ಕೊಟೇಶನ್‌ನಲ್ಲಿ ತೆರಿಗೆ ಬೇರೆ ಅಂತ ಎಲ್ಲೂ ಬರೆದಿಲ್ಲ. ಬಿಲ್ ಮೇಲೆ ಜಿಎಸ್‌ಟಿ ನಂಬರೂ ಇಲ್ಲ. ನೋಂದಣಿ ಇಲ್ಲದವರು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗೇ ಇಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 32ನೇ ಸೆಕ್ಷನ್ ಅದನ್ನು ನೇರವಾಗಿ ತಡೆಯುತ್ತದೆ. ಅವರ ನಂಬರ್ ಕೇಳಿ. ಕೊಟ್ಟರೆ gst.gov.in ತಾಣದಲ್ಲಿ ಹಾಕಿ ನೋಡಿ. ಹೆಸರು ತಾಳೆಯಾಗಬೇಕು, ನೋಂದಣಿ ಚಾಲ್ತಿಯಲ್ಲಿರಬೇಕು. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ತಾವೇ ಕಡಿಮೆ ತೆರಿಗೆ ಕಟ್ಟುವ ಕಾಂಪೊಸಿಶನ್ ಸ್ಕೀಮ್‌ನಲ್ಲಿದ್ದಾರೆ ಅಂತ ತೋರಿಸಿದರೆ ಆಗಲೂ ಅವರು ಬಿಲ್‌ನಲ್ಲಿ ತೆರಿಗೆ ಸೇರಿಸುವಂತಿಲ್ಲ. ಎಲ್ಲಾ ಸರಿಯಿದ್ದರೂ ನಿಮಗೆ ಒಂದು ಒಳ್ಳೇ ವಾದ ಉಳಿಯುತ್ತದೆ. ಕೊಟೇಶನ್ ಕೊಟ್ಟ ದಿನವೂ ಈ ತೆರಿಗೆ ಇತ್ತು. ಬೇರೆ ಅಂತ ಹೇಳದೆ ಒಂದು ಮೊತ್ತ ಬರೆದುಕೊಟ್ಟರೆ ಮನೆಯವರು ಅದನ್ನೇ ಪೂರ್ತಿ ಬೆಲೆ ಅಂದುಕೊಳ್ಳುವುದು ಸಹಜ ಅಲ್ವಾ? ಈಗಿರುವ ಬಿಲ್ ಆಧಾರದ ಮೇಲೆ ನಾನು ಈ ಸಾಲನ್ನು ಪೂರ್ತಿ ತೆಗೆದಿದ್ದೇನೆ.

ಪೇಂಟಿಂಗ್ ಸಾಲು ಸುಲಭ. ಕೊಟೇಶನ್‌ನಲ್ಲಿ ಚದರಡಿಗೆ 22 ರೂಪಾಯಿ, ಬಿಲ್‌ನಲ್ಲಿ 28. ಚದರಡಿ ಎರಡರಲ್ಲೂ 4,000. ‘ಪೇಂಟ್ ರೇಟ್ ಜಾಸ್ತಿಯಾಯ್ತು’ ಅನ್ನೋದು ಕಾರಣ. ಬೆಲೆ ಏರಿದರೆ ರೇಟ್ ಬದಲಾಗುತ್ತದೆ ಅಂತ ಕೊಟೇಶನ್‌ನಲ್ಲಿ ಬರೆದಿದ್ದರೆ ಮಾತು ಬೇರೆ. ಬರೆದಿಲ್ಲ, ಹಾಗಾಗಿ ಆ 24,000 ಕೊಡಬೇಕಿಲ್ಲ.

ನೆಲದ ಟೈಲ್ಸ್‌ನಲ್ಲಿ ರೇಟ್ ಅದೇ ಇದೆ, ಅಳತೆ ಬೆಳೆದಿದೆ. ಚದರಡಿಗೆ 140ರಂತೆ 500 ಚದರಡಿ ಅಂತ ಇದ್ದದ್ದು 640 ಆಗಿದೆ. ನೀವು ಕಳಿಸಿದ ಅಳತೆ ಹಾಕಿ ನೋಡಿದೆ. ಹಾಲ್ 20 ಅಡಿಗೆ 14 ಅಡಿ, ಅಂದರೆ 280. ಊಟದ ಜಾಗ 12ಕ್ಕೆ 12, ಅಂದರೆ 144. ಪ್ಯಾಸೇಜ್ 18ಕ್ಕೆ 4, ಅಂದರೆ 72. ಒಟ್ಟು 496. ಗೋಡೆ ಬುಡದ ಸ್ಕರ್ಟಿಂಗ್ ಸುಮಾರು 120 ರನ್ನಿಂಗ್ ಫೀಟ್ ಇದೆ, ಎತ್ತರ 4 ಇಂಚು, ಅದು 40 ಚದರಡಿ ಆಗುತ್ತದೆ. ಕೊಟೇಶನ್‌ನಲ್ಲಿ ಸ್ಕರ್ಟಿಂಗ್ ಹೆಸರಿಲ್ಲ, ಆದರೆ ಹಾಕಿದ್ದಾರೆ, ನೀವು ನೋಡಿದ್ದೀರಿ, ಬೇಡ ಅಂದಿಲ್ಲ. ಅದನ್ನು ಕೊಡಿ. 536 ಚದರಡಿಗೆ 75,040 ಆಯಿತು. ಉಳಿದ ನೂರು ಚದರಡಿ ಚಿಲ್ಲರೆ ಎಲ್ಲಿಂದ ಬಂತು ಅಂದರೆ, ಬಹುಶಃ ವೇಸ್ಟೇಜ್ ಅನ್ನುತ್ತಾರೆ. ಟೈಲ್ಸ್ ಕತ್ತರಿಸುವಾಗ ತುಂಡು ಹೋಗುವುದು ನಿಜವೇ. ಆದರೆ ಮಾಲು, ಕೂಲಿ ಸೇರಿಸಿ ಚದರಡಿಗೆ ಒಂದು ರೇಟ್ ಹೇಳಿದ ಮೇಲೆ ಆ ತುಂಡುಗಳ ಖರ್ಚು ರೇಟ್‌ನೊಳಗೇ ಇರುತ್ತದೆ. ಅಳೆಯುವುದು ನೆಲದ ಮೇಲೆ ಕೂತ ಟೈಲ್ಸನ್ನು. ಟೈಲ್ಸ್ ನೀವೇ ತಂದುಕೊಟ್ಟು ಅವರಿಗೆ ಬರೀ ಕೂಲಿ ಕೊಡುವುದಾಗಿದ್ದರೆ ವೇಸ್ಟೇಜ್ ನಿಮ್ಮ ತಲೆಗೆ ಬರುತ್ತಿತ್ತು.

ಇನ್ನು ಪೈಪ್ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ಹಳೇ ಮನೆಗಳ ಜಗಳ ಹೆಚ್ಚಾಗಿ ಹುಟ್ಟುವುದೇ ಇಲ್ಲಿ. ಗೋಡೆ ಒಡೆಯುವವರೆಗೂ ಒಳಗಿನ ಜಿಐ ಕಬ್ಬಿಣದ ಪೈಪ್ ಹೇಗಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ತುಕ್ಕು ಹಿಡಿದು ಕಿರಿದಾದ ಪೈಪ್ ಮೇಲೆ ಹೊಸ ಟೈಲ್ಸ್ ಅಂಟಿಸಿದರೆ ಮುಂದೊಂದು ದಿನ ಆ ಟೈಲ್ಸ್ ಒಡೆಯಲೇಬೇಕು. ಕಂಟ್ರಾಕ್ಟರ್ ಅದನ್ನು ತೆಗೆದು ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಹಾಕಿದ್ದು ತಪ್ಪಲ್ಲ. ಅವರು ನಿಮಗೆ ತುಕ್ಕು ಪೈಪಿನ ಫೋಟೋ ಕಳಿಸಿದ್ದಾರೆ, ‘ಮೇಡಂ, ಎಲ್ಲಾ ಚೇಂಜ್ ಮಾಡ್ಬೇಕು’ ಅಂತ ಬರೆದಿದ್ದಾರೆ. ನೀವು ‘ಆಯ್ತು, ಸರಿಯಾಗಿ ಮಾಡಿ’ ಅಂತ ಉತ್ತರಿಸಿದ್ದೀರಿ. ಇದು ಕೆಲಸಕ್ಕೆ ಕೊಟ್ಟ ಒಪ್ಪಿಗೆ. ವಾಟ್ಸಾಪ್‌ನಲ್ಲಿ ಬರೆದದ್ದೂ ಬರವಣಿಗೆಯೇ, ಹಾಗಾಗಿ ‘ಯಾವುದಕ್ಕೂ ಬರೆದುಕೊಟ್ಟಿಲ್ಲ’ ಅಂತ ದೂರಿನಲ್ಲಿ ಬರೆಯಬೇಡಿ. ಅವರು ಈ ಒಂದು ಮೆಸೇಜ್ ತೋರಿಸಿದರೆ ಸಾಕು, ನಿಮ್ಮ ಉಳಿದ ಮಾತಿನ ಮೇಲೂ ಅನುಮಾನ ಬರುತ್ತದೆ.

ಆದರೆ ಬೆಲೆಗೆ ನೀವು ಒಪ್ಪಿಲ್ಲ. ಬಿಲ್‌ನಲ್ಲಿ ‘ಪ್ಲಂಬಿಂಗ್ ಎಕ್ಸ್‌ಟ್ರಾ 42,000’ ಅಂತ ಒಂದೇ ಸಾಲಿದೆ. ಎಷ್ಟು ಅಡಿ ಪೈಪ್, ಯಾವ ಸೈಜ್, ಕೂಲಿ ಎಷ್ಟು, ಏನೂ ಇಲ್ಲ. ಅಂಗಡಿಯ ಬಿಲ್, ಗೋಡೆ ಮುಚ್ಚುವ ಮುಂಚೆ ತೆಗೆದ ಫೋಟೋ ಎರಡನ್ನೂ ಕೇಳಿ. ಸಾಮಾನ್ಯವಾಗಿ ಪ್ಲಂಬರ್ ಪ್ರೆಶರ್ ಟೆಸ್ಟ್ ಮಾಡುವ ಹೊತ್ತಿಗೆ ಫೋಟೋ ತೆಗೆದಿರುತ್ತಾನೆ. ಅದರಲ್ಲಿ ಪೈಪ್ ಹೋದ ದಾರಿ ಕಾಣುತ್ತದೆ, ಉದ್ದ ಲೆಕ್ಕ ಹಾಕಬಹುದು. ಸ್ವತಂತ್ರವಾಗಿ ಒಬ್ಬ ಸಿವಿಲ್ ಎಂಜಿನಿಯರ್ ಬಂದು ನೋಡಿ ಇಷ್ಟು ಅಂತ ಬರೆದುಕೊಡಲಿ. ಸದ್ಯಕ್ಕೆ 30,000 ಅಂತ ಇಟ್ಟುಕೊಂಡಿದ್ದೇನೆ. ಎಂಜಿನಿಯರ್ ಹೇಳಿದ್ದು ಬೇರೆ ಇದ್ದರೆ ಅದನ್ನೇ ಹಾಕಿ.

ಪೂಜಾ ಯೂನಿಟ್ ಮತ್ತು ಲಾಫ್ಟ್ ಬಾಗಿಲು ನೀವೇ ಹೇಳಿ ಮಾಡಿಸಿದ್ದು. ರೇಟ್ ಮಾತಾಡದಿದ್ದರೂ ದಿಕ್ಕು ತೋರಿಸಲು ಕೊಟೇಶನ್ ಇದೆ. ಅದೇ ಪ್ಲೈವುಡ್, ಅದೇ ಲ್ಯಾಮಿನೇಟ್ ಕೆಲಸಕ್ಕೆ ಅಡುಗೆಮನೆಯಲ್ಲಿ ಚದರಡಿಗೆ 1,200, ಲಾಫ್ಟ್‌ಗೆ 550 ಅಂತ ಅವರೇ ಬರೆದಿದ್ದಾರೆ. ಪೂಜಾ ಯೂನಿಟ್‌ನ ಎದುರು ಭಾಗ 20 ಚದರಡಿ, 24,000. ಹೆಚ್ಚುವರಿ ಲಾಫ್ಟ್ ಬಾಗಿಲು 40 ಚದರಡಿ, 22,000. ಒಟ್ಟು 46,000. ಅವರು 58,000 ಹಾಕಿದ್ದಾರೆ. ಕೊಟೇಶನ್ ಕೊನೆಯಲ್ಲಿ ‘ಹೆಚ್ಚುವರಿ ಕೆಲಸಕ್ಕೆ ಪ್ರತ್ಯೇಕ ಚಾರ್ಜ್’ ಅನ್ನೋ ಒಂದು ಸಾಲು ಇದೆಯಲ್ಲ, ಅವರು ಅದನ್ನೇ ಹಿಡಿದು ವಾದಿಸುತ್ತಾರೆ. ಪ್ರತ್ಯೇಕ ಚಾರ್ಜ್ ಅಂದರೆ ಮನಸ್ಸಿಗೆ ಬಂದ ಚಾರ್ಜ್ ಅಲ್ಲ. ಒಂದೇ ಥರದ ಕೆಲಸಕ್ಕೆ ಒಂದೇ ಕಾಗದದಲ್ಲಿ ರೇಟ್ ಇರುವಾಗ ಅದನ್ನೇ ಬಳಸುವುದು ನ್ಯಾಯ.

ಕೊನೆಯದಾಗಿ, ಬಿಲ್‌ನಲ್ಲಿ ಇಲ್ಲದೇ ಇರುವ ಒಂದು ಸಾಲು. ಜಾಸ್ತಿ ಮಾಡಿದ ಕೆಲಸವನ್ನು ಎಲ್ಲರೂ ಬರೆಯುತ್ತಾರೆ, ಕಡಿಮೆಯಾದ ಕೆಲಸವನ್ನು ಯಾರೂ ಬರೆಯುವುದಿಲ್ಲ. ಕೊಟೇಶನ್‌ನ ಬಾತ್‌ರೂಮ್ ಮೊತ್ತದೊಳಗೆ ನಲ್ಲಿ, ಶವರ್, ಕಮೋಡ್ ಸೇರಿ 30,000ದವರೆಗೆ ಅಂತ ಇದೆ. ಅವನ್ನೆಲ್ಲ ನೀವೇ ಅಂಗಡಿಗೆ ಹೋಗಿ ತಂದಿದ್ದೀರಿ, ಬಿಲ್ ನಿಮ್ಮ ಹೆಸರಲ್ಲೇ ಇದೆ. ಆ 30,000 ಬಿಲ್‌ನಿಂದ ಕಳೆಯಬೇಕಿತ್ತು, ಕಳೆದಿಲ್ಲ.

ಈಗ ಕೂಡಿಸೋಣ. 6,80,000ಕ್ಕೆ ಟೈಲ್ಸ್ 5,040, ಪೈಪ್ 30,000, ಮರಗೆಲಸ 46,000 ಸೇರಿಸಿ, 30,000 ಕಳೆದರೆ 7,31,040. ಕೊಟ್ಟಿರುವ 6,20,000 ತೆಗೆದರೆ ಉಳಿಯುವುದು 1,11,040. ಹಾಕದೇ ಇರುವ 60 ಚದರಡಿ ಶಟರ್‌ನ 72,000 ಪಕ್ಕಕ್ಕಿಟ್ಟರೆ ಈಗ ಕೊಡಬೇಕಾದದ್ದು 39,040.

ಈ ಲೆಕ್ಕವನ್ನು ಅವರಿಗೆ ಬರೆದು ಕಳಿಸಿ. ಮೊದಲು ಒಂದು ದಿನ ಇಬ್ಬರೂ ಸೇರಿ ಅಳೆಯೋಣ ಅಂತ ಕರೆಯಿರಿ. ಟೇಪ್ ಹಿಡಿದು ಅಳೆದದ್ದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಅವರು ಬರಲ್ಲ ಅಂದರೆ ನಿಮ್ಮ ಎಂಜಿನಿಯರ್ ಒಬ್ಬರೇ ಅಳೆಯಲಿ, ಕರೆದಿದ್ದಕ್ಕೆ ಮೆಸೇಜ್ ಸಾಕ್ಷಿ ಇರಲಿ. ಆಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, ಅದನ್ನೇ ವಾಟ್ಸಾಪ್‌ನಲ್ಲೂ ಹಾಕಿ. ವಕೀಲರ ಲೆಟರ್‌ಹೆಡ್ ಬೇಕೇಬೇಕು ಅಂತೇನಿಲ್ಲ. ಒಕ್ಕಣೆ ಹೀಗಿದ್ದರೆ ಸಾಕು:

‘ನಿಮ್ಮ ಬಿಲ್‌ನಲ್ಲಿ ಜಿಎಸ್‌ಟಿ, ಪೇಂಟಿಂಗ್ ರೇಟ್ ಏರಿಕೆ ಮತ್ತು ಟೈಲ್ಸ್‌ನ ಹೆಚ್ಚುವರಿ ಅಳತೆಗೆ ನಾನು ಒಪ್ಪಿಲ್ಲ. ಪೈಪ್ ಮತ್ತು ಹೆಚ್ಚುವರಿ ಮರಗೆಲಸ ಮಾಡಿಸಿದ್ದನ್ನು ಒಪ್ಪುತ್ತೇನೆ, ಆದರೆ ನೀವು ಹಾಕಿದ ಬೆಲೆಯನ್ನು ಒಪ್ಪುವುದಿಲ್ಲ. ನನ್ನ ಲೆಕ್ಕ ಜೊತೆಗಿದೆ. ಅದರಂತೆ ಈಗ ಸಲ್ಲುವ 39,040 ರೂಪಾಯಿ ಕೊಡಲು ಸಿದ್ಧಳಿದ್ದೇನೆ. ಶಟರ್ ಹಾಕಿದ ದಿನವೇ 72,000 ಕೊಡುತ್ತೇನೆ. ಈ ಪತ್ರ ತಲುಪಿದ 15 ದಿನದೊಳಗೆ ಶಟರ್ ಕೆಲಸ ಮುಗಿಸದಿದ್ದರೆ ಬೇರೆಯವರಿಂದ ಮಾಡಿಸಿ, ಅದಕ್ಕೆ ಜಾಸ್ತಿಯಾದ ಖರ್ಚನ್ನು ನಿಮ್ಮಿಂದ ಕೇಳುತ್ತೇನೆ.’

ಒಪ್ಪಿಕೊಂಡ ಮೊತ್ತವನ್ನು ಕೊಡಲು ಸಿದ್ಧ ಅಂತ ಬರೆಯುವುದು ಬಹಳ ಮುಖ್ಯ. ‘ಕೆಲಸ ಮಾಡಿಸಿಕೊಂಡು ದುಡ್ಡು ಕೊಡದೆ ಓಡಾಡಿಸುತ್ತಿದ್ದಾರೆ’ ಅಂತ ಅವರು ಹೇಳಲು ಆಗ ಜಾಗ ಇರುವುದಿಲ್ಲ. 15 ದಿನ ಆಗುವ ಮುಂಚೆ ಬೇರೆ ಕಾರ್ಪೆಂಟರ್‌ನನ್ನು ಒಳಗೆ ಬಿಡಬೇಡಿ. ಬಿಡುವ ಮುಂಚೆ ಅಡುಗೆಮನೆ ಹೇಗಿದೆಯೋ ಹಾಗೇ ವಿಡಿಯೋ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಯಾರು ಎಷ್ಟು ಕೆಲಸ ಮಾಡಿದರು ಅಂತ ಆಮೇಲೆ ಬೇರ್ಪಡಿಸಲು ಆಗುವುದಿಲ್ಲ.

ಈ ನಡುವೆ ಒಂದು ಎಚ್ಚರ. ಸದ್ಯಕ್ಕೆ ಶಟರ್ ಹಾಕಲಿ ಅಂತ ಪೂರ್ತಿ ಬಾಕಿಗೆ ಮುಂದಿನ ತಾರೀಖಿನ ಚೆಕ್ ಕೊಡಬೇಡಿ. ಆಮೇಲೆ ಅದನ್ನು ನಿಲ್ಲಿಸಿದರೆ ಚೆಕ್ ಬೌನ್ಸ್ ಕೇಸಿನಲ್ಲಿ, ಅಂದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್‌ನಲ್ಲಿ, ನೀವೇ ಆರೋಪಿ ಆಗುತ್ತೀರಿ. ಸಾಲ ಇರಲಿಲ್ಲ ಅಂತ ತೋರಿಸುವ ಹೊಣೆಯೂ ನಿಮ್ಮ ಮೇಲೆ ಬೀಳುತ್ತದೆ. ಬಿಲ್ ಮೇಲೆ ‘ಸ್ವೀಕರಿಸಿದೆ’ ಅಂತ ಸಹಿ ಕೇಳಿದರೆ ‘ಮೊತ್ತಕ್ಕೆ ಒಪ್ಪಿಗೆ ಇಲ್ಲ’ ಅಂತ ಪಕ್ಕದಲ್ಲೇ ಬರೆದು ಸಹಿ ಮಾಡಿ.

ಅವರು ಬಗ್ಗದಿದ್ದರೆ ದೂರು ಜಿಲ್ಲಾ ಗ್ರಾಹಕ ಆಯೋಗಕ್ಕೆ. ಮನೆ ಕಟ್ಟುವ, ರಿಪೇರಿ ಮಾಡುವ ಕಂಟ್ರಾಕ್ಟರ್ ಕೊಡುವುದು ಸೇವೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಅದು ಒಳಪಡುತ್ತದೆ. ರೇರಾ ಇಲ್ಲಿ ಬರುವುದಿಲ್ಲ, ಅದು ಬಿಲ್ಡರ್‌ಗಳ ಪ್ರಾಜೆಕ್ಟ್‌ಗಳಿಗೆ. ಪೊಲೀಸರು ಇದನ್ನು ಸಿವಿಲ್ ವ್ಯಾಜ್ಯ ಅಂತ ವಾಪಸ್ ಕಳಿಸುವುದೇ ಹೆಚ್ಚು. ಬೆದರಿಕೆ ಹಾಕಿದರೆ, ಮನೆಯೊಳಗೆ ನುಗ್ಗಿದರೆ ಮಾತ್ರ ಅಲ್ಲಿಗೆ ಹೋಗಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಆದರೆ ಅದು ದೊಡ್ಡ ಕಂಪನಿಗಳ ಜೊತೆ ಕೆಲಸ ಮಾಡುವಷ್ಟು ಒಬ್ಬ ಲೋಕಲ್ ಕಂಟ್ರಾಕ್ಟರ್ ಜೊತೆ ಮಾಡುವುದಿಲ್ಲ.

ಆಯೋಗದಲ್ಲಿ ನೀವು ಕೊಟ್ಟ ದುಡ್ಡಿನ ಮೇಲೆ ವ್ಯಾಪ್ತಿ ನಿರ್ಧಾರವಾಗುತ್ತದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. 5ರಿಂದ 10 ಲಕ್ಷದ ನಡುವೆ ಇದ್ದರೆ ಶುಲ್ಕ 200 ರೂಪಾಯಿ, ನಿಮ್ಮದು ಅದರಲ್ಲೇ ಬರುತ್ತದೆ. ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು, e-jagriti.gov.in ಮೂಲಕ ಮನೆಯಿಂದಲೇ ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಕೊಟೇಶನ್, ಬಿಲ್, ಬ್ಯಾಂಕ್ ದಾಖಲೆ, ಎಂಜಿನಿಯರ್ ವರದಿ, ನೋಟಿಸ್ ಮತ್ತು ಅಂಚೆ ರಸೀದಿ ಲಗತ್ತಿಸಿ. ವಾಟ್ಸಾಪ್‌ನ ಸ್ಕ್ರೀನ್‌ಶಾಟ್ ಜೊತೆ ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಮಾಡಿಡಿ. ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಲ್ಲಿ ಹೇಳಿದ ಪ್ರಮಾಣಪತ್ರ ಸೇರಿಸಿದರೆ ತಕರಾರು ಇರುವುದಿಲ್ಲ. ತೀರ್ಪು ಬರೋವರೆಗೂ ಆ ಫೋನ್ ಮಾರಬೇಡಿ.

ದೂರನ್ನು ಚಿಕ್ಕದಾಗಿ ಬರೆಯಿರಿ. ಲೆಕ್ಕಪತ್ರ ತೀರಾ ಗೋಜಲಾಗಿದ್ದರೆ, ಇದಕ್ಕೆ ವಿವರವಾದ ವಿಚಾರಣೆ ಬೇಕು, ಸಿವಿಲ್ ಕೋರ್ಟ್‌ಗೆ ಹೋಗಿ ಅಂತ ಆಯೋಗ ಕಳಿಸಿಬಿಡುವುದುಂಟು. ನಿಮ್ಮ ಕೋರಿಕೆ ಮೂರೇ ಇರಲಿ: ಒಪ್ಪದ ಮೊತ್ತ ಕೊಡಬೇಕಿಲ್ಲ ಅಂತ ಆದೇಶ, ಶಟರ್ ಹಾಕಿಕೊಡಲಿ ಇಲ್ಲವೇ ಬೇರೆಯವರಿಂದ ಮಾಡಿಸಿದ್ದಕ್ಕೆ ಜಾಸ್ತಿಯಾದ ಖರ್ಚು ಕೊಡಲಿ, ತೊಂದರೆಗೆ ಮತ್ತು ಕೇಸಿನ ಖರ್ಚಿಗೆ ಒಂದು ಹದವಾದ ಪರಿಹಾರ. ಹತ್ತು ಲಕ್ಷ ಮಾನಸಿಕ ಹಿಂಸೆ ಅಂತ ಸುಮ್ನೆ ಬರೆದರೆ ನಿಮ್ಮ ನಿಖರವಾದ ಲೆಕ್ಕದ ತೂಕವೂ ಇಳಿಯುತ್ತದೆ. ಎದುರಿನವರು ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನೊಂದು 15 ದಿನ, ಅಷ್ಟೇ. ಆದರೆ ಕಾಯ್ದೆಯಲ್ಲಿ ಬರೆದಿರುವ ಮೂರರಿಂದ ಐದು ತಿಂಗಳಲ್ಲಿ ಮುಗಿದುಬಿಡುತ್ತದೆ ಅಂತ ನಂಬಿ ಅಡುಗೆಮನೆಯನ್ನು ಹಾಗೇ ಬಿಟ್ಟುಕೊಂಡು ಕೂರಬೇಡಿ. ಹೆಚ್ಚಿನ ಪ್ರಕರಣಗಳು ಅದಕ್ಕಿಂತ ಜಾಸ್ತಿ ದಿನ ಹಿಡಿಯುತ್ತವೆ.

ಅವರೂ ಸುಮ್ಮನಿರದೆ ಬಾಕಿಗೆ ಸಿವಿಲ್ ದಾವೆ ಹಾಕಬಹುದು. ಕೆಲಸ ಮುಗಿದ ದಿನದಿಂದ ಮೂರು ವರ್ಷ ಅವರಿಗೆ ಸಮಯ ಇದೆ. ಹಾಗಾಗಿ ಕಾಗದಗಳನ್ನು ಅಲ್ಲಿವರೆಗೂ ಜೋಪಾನವಾಗಿಡಿ. ನೋಟಿಸ್ ನೋಡಿ ಅವರು ಮಾತಿಗೆ ಬಂದರೆ, ಐದು ಹತ್ತು ಸಾವಿರ ಆಚೀಚೆ ಆದರೂ ಮುಗಿಸಿಕೊಳ್ಳಿ ಅನ್ನೋದೇ ನನ್ನ ಸಲಹೆ. ಆದರೆ ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ಕೊಡುವ ದಿನವೇ ‘ಈ ಕೆಲಸದ ಬಾಬ್ತು ಪೂರ್ತಿ ಮತ್ತು ಅಂತಿಮ ಪಾವತಿ ತಲುಪಿದೆ, ಇನ್ನು ಯಾವ ಬಾಕಿಯೂ ಇಲ್ಲ’ ಅಂತ ತಾರೀಖು ಹಾಕಿಸಿ, ಅವರ ಸಹಿ ತಗೊಳ್ಳಿ.